ವಾರ್ಷಿಕೋತ್ಸವದ ವಿಡಿಯೋ ಚಿತ್ರೀಕರಣ: ಪೋಷಕರ ಒಪ್ಪಿಗೆ ಕೋರಿ ಪತ್ರ

ದಿನಾಂಕ: 23 ನವೆಂಬರ್ 2026

ಇವರಿಗೆ: 1ರಿಂದ 10ನೇ ತರಗತಿಯವರೆಗಿನ ಎಲ್ಲ ವಿದ್ಯಾರ್ಥಿಗಳ ಪೋಷಕರಿಗೆ

ಮಾನ್ಯರೇ,

ಡಿಸೆಂಬರ್ 19ರ ಶನಿವಾರ ಸಂಜೆ 4 ಗಂಟೆಗೆ ಶಾಲೆಯ ವಾರ್ಷಿಕೋತ್ಸವ. ಸುಮಾರು 3 ಗಂಟೆಯ ಈ ಕಾರ್ಯಕ್ರಮವನ್ನು ವಿಡಿಯೋ ಮಾಡಿಸುತ್ತಿದ್ದೇವೆ. ನಿಮ್ಮ ಮಗು ಅದರಲ್ಲಿ ಕಾಣಿಸಿಕೊಳ್ಳಬಹುದೇ, ಕಾಣಿಸಿಕೊಂಡರೆ ಆ ವಿಡಿಯೋ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ತೀರ್ಮಾನಿಸಬೇಕಾದವರು ನೀವು. ಡಿಸೆಂಬರ್ 4ರ ಶುಕ್ರವಾರದೊಳಗೆ ಲಿಖಿತವಾಗಿ ತಿಳಿಸಿ. ಉತ್ತರ ಬಾರದಿದ್ದರೆ ಒಪ್ಪಿಗೆ ಇಲ್ಲ ಎಂದೇ ತಿಳಿಯುತ್ತೇವೆ.

ಮೊದಲಿಗೇ ಒಂದು ಮಾತು. ನೀವು ಬೇಡವೆಂದರೆ ಮಗುವಿನ ಪಾತ್ರ ಹೋಗುವುದಿಲ್ಲ, ನೃತ್ಯದಿಂದ ಯಾರನ್ನೂ ಕೈಬಿಡುವುದಿಲ್ಲ, ಬಹುಮಾನವನ್ನು ವೇದಿಕೆಯ ಮೇಲೆಯೇ ಕೊಡುತ್ತೇವೆ. ಬೇಡವೆನ್ನಲು ಕಾರಣ ಹೇಳಬೇಕಾಗಿಲ್ಲ, ನಾವೂ ಕೇಳುವುದಿಲ್ಲ.

ಚಿತ್ರೀಕರಣ ಹೇಗೆ

ಸಭಾಂಗಣದ ಹಿಂಭಾಗದಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಕ್ಯಾಮೆರಾ ಇರುತ್ತದೆ. ಇದು ಇಡೀ ವೇದಿಕೆಯನ್ನು ಒಟ್ಟಿಗೆ ಹಿಡಿಯುತ್ತದೆ. ವೇದಿಕೆಯ ಎಡಬದಿಯ ಇನ್ನೊಂದು ಕ್ಯಾಮೆರಾ ಮುಖಗಳನ್ನು ಹತ್ತಿರದಿಂದ ತೆಗೆಯುತ್ತದೆ. ಮೂರನೆಯದು ಕೈಯಲ್ಲಿ ಹಿಡಿದು ಓಡಾಡುವಂಥದ್ದು. ಪ್ರೇಕ್ಷಕರೂ ಅದರಲ್ಲಿ ಸೆರೆಯಾಗುತ್ತಾರೆ. ಡ್ರೋನ್ ಇರುವುದಿಲ್ಲ. ಬಟ್ಟೆ ಬದಲಿಸುವ ಮತ್ತು ಬಣ್ಣ ಹಚ್ಚುವ ಕೋಣೆಗಳು, ಶೌಚಾಲಯದ ಕಾರಿಡಾರ್, ಇಲ್ಲಿಗೆ ಯಾವ ಕ್ಯಾಮೆರಾಕ್ಕೂ ಪ್ರವೇಶವಿಲ್ಲ. ಈ ಕೋಣೆಗಳಲ್ಲಿ ಶಿಕ್ಷಕರು ಮತ್ತು ನೆರವಿಗೆ ಬರುವ ತಾಯಂದಿರು ಕೂಡ ಫೋನ್ ಹೊರಗೆ ತೆಗೆಯುವಂತಿಲ್ಲ. ಡಿಸೆಂಬರ್ 17ರ ಗುರುವಾರದ ವೇಷಸಹಿತ ತಾಲೀಮನ್ನು ಕ್ಯಾಮೆರಾ ಕೋನ ನೋಡಿಕೊಳ್ಳಲು ಮಾತ್ರ ಹಿಡಿದು, ಅಂದೇ ಅಳಿಸುತ್ತೇವೆ.

ಚಿತ್ರೀಕರಿಸುವವರು ಹೊರಗಿನವರು. ಅವರು ಕಾರ್ಯಕ್ರಮದ ಉದ್ದಕ್ಕೂ ನಮ್ಮ ಒಬ್ಬ ಶಿಕ್ಷಕರ ಜೊತೆಯಲ್ಲೇ ಇರುತ್ತಾರೆ. ಮೆಮೊರಿ ಕಾರ್ಡುಗಳನ್ನು ಅಂದು ರಾತ್ರಿಯೇ ಶಾಲೆಗೆ ಒಪ್ಪಿಸುತ್ತಾರೆ, ಸಂಕಲನ ಶಾಲೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಒಂದೇ ಒಂದು ತುಣುಕನ್ನೂ ಅವರು ತಮ್ಮ ಕೆಲಸದ ಮಾದರಿಯೆಂದು ಬೇರೆಡೆ ತೋರಿಸುವಂತಿಲ್ಲ ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದೇವೆ.

ಮೂರು ಬೇರೆ ಬೇರೆ ಒಪ್ಪಿಗೆಗಳು

ಇವುಗಳಿಗೆ ಒಟ್ಟಾಗಿ ಉತ್ತರಿಸಬೇಕಿಲ್ಲ. ಒಂದಕ್ಕೆ ಹೂಂ ಎಂದು ಇನ್ನೊಂದಕ್ಕೆ ಬೇಡವೆನ್ನಬಹುದು.

1. ಪೂರ್ತಿ ವಿಡಿಯೋ, ಪೆನ್ ಡ್ರೈವ್‌ನಲ್ಲಿ. ನಮ್ಮ ವಿದ್ಯಾರ್ಥಿಗಳ ಮನೆಗಳಿಗೆ ಮಾತ್ರ ಕೊಡುವ ಪ್ರತಿ ಇದು. ಆದರೆ ಒಂದು ಮನೆಗೆ ಹೋದ ಫೈಲ್ ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಶಾಲೆಯ ಹಿಡಿತದಲ್ಲಿ ಇರುವುದಿಲ್ಲ.

2. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ವಿಡಿಯೋ. ದೂರದಲ್ಲಿರುವ ಅಜ್ಜ ಅಜ್ಜಿಯರು ನೋಡಲಿ ಎಂಬ ಕೋರಿಕೆಯ ಮೇರೆಗೆ ಇದನ್ನು ಹಾಕುತ್ತೇವೆ. ಅನ್‌ಲಿಸ್ಟೆಡ್ ಎಂದರೆ ಹುಡುಕಿದರೆ ಸಿಗದು, ಅಷ್ಟೇ. ಲಿಂಕ್ ಸಿಕ್ಕವರೆಲ್ಲ ನೋಡಬಹುದು, ಅದನ್ನು ಬೇರೆಯವರಿಗೆ ಕಳುಹಿಸಲೂಬಹುದು. ಇದನ್ನು ‘ಖಾಸಗಿ’ ಎಂದು ಭಾವಿಸಿ ಒಪ್ಪಬೇಡಿ. ಮಕ್ಕಳ ವಿಡಿಯೋ ಎಂದು ಗುರುತಿಸಿ ಹಾಕುವುದರಿಂದ ಕೆಳಗೆ ಯಾರೂ ಕಮೆಂಟ್ ಬರೆಯಲಾಗುವುದಿಲ್ಲ. ಬಹುಮಾನ ವಿತರಣೆ ಈ ಪ್ರತಿಯಲ್ಲಿ ಇರುವುದಿಲ್ಲ, ಏಕೆಂದರೆ ಅಲ್ಲಿ ಮಗುವಿನ ಪೂರ್ಣ ಹೆಸರು, ತರಗತಿ, ಮುಖ ಮೂರೂ ಒಂದೇ ಕ್ಷಣದಲ್ಲಿ ಸಿಗುತ್ತವೆ. ಧ್ವನಿಮುದ್ರಿತ ಹಾಡುಗಳಿಗೆ ಮಾಡಿದ ನೃತ್ಯಗಳೂ ಇರುವುದಿಲ್ಲ. ಹಕ್ಕುದಾರರ ದೂರಿನಿಂದ ಅಂಥ ವಿಡಿಯೋ ಮೂಕವಾಗುವ ಅಥವಾ ನಿಂತೇಹೋಗುವ ಸಾಧ್ಯತೆ ಇದೆ. ನೃತ್ಯ ನೋಡಬೇಕೆಂದರೆ ಪೆನ್ ಡ್ರೈವ್ ಪ್ರತಿಯೇ ಗತಿ.

3. ಸಾರ್ವಜನಿಕ ಬಳಕೆ. ಶಾಲೆಯ ಜಾಲತಾಣಕ್ಕೆ ಮತ್ತು ಪ್ರವೇಶದ ಸಮಯದಲ್ಲಿ ತೋರಿಸಲು ಮೂರು ನಿಮಿಷದ ಕಿರುವಿಡಿಯೋ. ಇದನ್ನು ಯಾರು ಬೇಕಾದರೂ ನೋಡಬಹುದು, ಸ್ಕ್ರೀನ್‌ಶಾಟ್ ತೆಗೆಯಬಹುದು. ಹೆಸರುಗಳು ಇರುವುದಿಲ್ಲ. ಆದರೂ ನೇರವಾಗಿ ಹೇಳಬೇಕೆಂದರೆ ಮಕ್ಕಳಿಗೆ ಇದರಿಂದ ಏನೂ ಸಿಗುವುದಿಲ್ಲ, ಪ್ರಯೋಜನ ಶಾಲೆಗೆ. ಆದ್ದರಿಂದ ಈ ಮೂರನೆಯದಕ್ಕೆ ಬೇಡವೆನ್ನಲು ಸಂಕೋಚಪಡಬೇಡಿ.

ಮುಖಗಳನ್ನು ತಾನಾಗಿ ಗುರುತಿಸಿ ಹೆಸರು ಹಚ್ಚುವ ಯಾವ ಸೌಲಭ್ಯವನ್ನೂ ನಾವು ಬಳಸುವುದಿಲ್ಲ.

‘ಆಮೇಲೆ ಮಸುಕು ಮಾಡಿ’ ಎಂದರೆ ಏಕೆ ಸಾಲದು

ಒಬ್ಬನೇ ನಿಂತು ಭಾಷಣ ಮಾಡುವ ಮಗುವಿನ ಮುಖವನ್ನು ಮಸುಕು ಮಾಡುವುದು ಸುಲಭ. ಮೂವತ್ತು ಮಕ್ಕಳು ಸಾಲು ಬದಲಿಸಿ, ತಿರುಗಿ, ಒಬ್ಬರ ಹಿಂದೆ ಒಬ್ಬರು ಹಾದುಹೋಗುವ ನೃತ್ಯದಲ್ಲಿ ಮಸುಕು ಮುಖವನ್ನು ಬಿಟ್ಟು ಜಾರುತ್ತದೆ. ಒಂದು ಸೆಕೆಂಡಿಗೆ 25 ಚಿತ್ರಗಳಿದ್ದರೆ, ಅವುಗಳಲ್ಲಿ ಎರಡರಲ್ಲಿ ಮುಖ ಕಂಡರೂ ಸಾಕು: ವಿಡಿಯೋ ನಿಲ್ಲಿಸಿ ನೋಡಿದವರಿಗೆ ಅದು ಸ್ಪಷ್ಟವಾಗಿ ಸಿಗುತ್ತದೆ. ಎಲ್ಲವೂ ಸರಿಯಾಗಿ ಆದರೂ, ಮೂವತ್ತು ಮುಖಗಳ ನಡುವೆ ಮಸುಕಾದ ಒಂದೇ ಮುಖದ ಮೇಲೆಯೇ ಎಲ್ಲರ ಕಣ್ಣು. ವೇಷ ತೊಟ್ಟರೆ ಗುರುತು ಸಿಗದು ಎಂಬ ನಂಬಿಕೆಯೂ ಬೇಡ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಶಾಲೆಯ ಹೆಸರು ದೊಡ್ಡದಾಗಿಯೇ ಇರುತ್ತದೆ.

ಆದ್ದರಿಂದ ನಾವು ಚಿತ್ರೀಕರಣಕ್ಕೆ ಮೊದಲೇ ವ್ಯವಸ್ಥೆ ಮಾಡುತ್ತೇವೆ. ಒಪ್ಪಿಗೆ ಇಲ್ಲದ ಮಗು ಇರುವ ಗುಂಪುನೃತ್ಯದಲ್ಲಿ ಆ ಮಗುವಿನ ಚಲನೆಯನ್ನು ವೇದಿಕೆಯ ಬಲಗಡೆಯ ಮೂರನೇ ಒಂದು ಭಾಗದೊಳಗೇ ಇರುವಂತೆ ಹೆಣೆಯಲಾಗುತ್ತದೆ. ಆ ನೃತ್ಯ ನಡೆಯುವಾಗ ಹಿಂಭಾಗದ ಕ್ಯಾಮೆರಾವನ್ನು ನಿಲ್ಲಿಸಿ, ಉಳಿದವು ವೇದಿಕೆಯ ಎಡ ಮತ್ತು ಮಧ್ಯಭಾಗವನ್ನು ಮಾತ್ರ ಹಿಡಿಯುತ್ತವೆ. ಮಗು ಹಿಂದಿನ ಸಾಲಿಗೆ ಹೋಗಬೇಕಾಗಿಲ್ಲ. ಬಲಗಡೆಯ ಮುಂದಿನ ಸಾಲಿನಲ್ಲೂ ಇರಬಹುದು. ಇದನ್ನು ಡಿಸೆಂಬರ್ 7ರ ಸೋಮವಾರದಿಂದಲೇ ಅಭ್ಯಾಸ ಮಾಡಿಸಬೇಕು. ಉತ್ತರಕ್ಕೆ 4ನೇ ತಾರೀಕಿನ ಗಡುವು ಇಟ್ಟದ್ದು ಇದೇ ಕಾರಣಕ್ಕೆ. ಹಿಂದಿನ ದಿನ ಜಾಗ ಬದಲಿಸಿದರೆ ಚಿಕ್ಕ ಮಕ್ಕಳು ವೇದಿಕೆಯ ಮೇಲೆ ಹಳೆಯ ಜಾಗಕ್ಕೇ ಓಡುತ್ತಾರೆ.

ನಾಟಕದಲ್ಲಿ ಮುಖ್ಯ ಪಾತ್ರ ಮಾಡುವ ಮಗುವಿಗೆ ಒಪ್ಪಿಗೆ ಇಲ್ಲದಿದ್ದರೆ? ಆಗ ವಿಡಿಯೋದಿಂದ ಆ ದೃಶ್ಯಗಳನ್ನು ಬಿಡುತ್ತೇವೆ, ನಾಟಕದಿಂದ ಮಗುವನ್ನಲ್ಲ. ಇದರಿಂದ ಜೊತೆಗಿದ್ದ ಬೇರೆ ಮಕ್ಕಳ ಕೆಲವು ದೃಶ್ಯಗಳೂ ವಿಡಿಯೋದಲ್ಲಿ ಇಲ್ಲದೆ ಹೋಗಬಹುದು. ಅವರ ಪೋಷಕರು ದಯವಿಟ್ಟು ಸಹಕರಿಸಬೇಕು. ಯಾರಿಂದ ಹೀಗಾಯಿತು ಎಂದು ಹುಡುಕಲು ಹೊರಡಬಾರದು.

ಒಪ್ಪಿಗೆ ಇಲ್ಲದ ಮಕ್ಕಳ ಪಟ್ಟಿ ನನ್ನ ಬಳಿ, ತರಗತಿ ಶಿಕ್ಷಕರ ಬಳಿ ಮತ್ತು ಆಯಾ ಕಾರ್ಯಕ್ರಮ ಕಲಿಸುವವರ ಬಳಿ ಮಾತ್ರ ಇರುತ್ತದೆ. ಕ್ಯಾಮೆರಾದವರಿಗೆ ಹೆಸರು ಕೊಡುವುದಿಲ್ಲ, ‘ಕಾರ್ಯಕ್ರಮ 7, ಬಲಭಾಗ ಬೇಡ’ ಎಂಬಷ್ಟೇ ಸೂಚನೆ ಕೊಡುತ್ತೇವೆ. ಮಕ್ಕಳ ಕೈಗೆ ಬಣ್ಣದ ಪಟ್ಟಿ ಕಟ್ಟುವಂಥ ಗುರುತು ಮಾಡುವುದಿಲ್ಲ.

ಪ್ರೇಕ್ಷಕರ ಸಾಲಿನಲ್ಲಿ ಕೂರುವ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಸಭಾಂಗಣದ ಬಲಗಡೆಯ ಕೊನೆಯ ಆರು ಸಾಲುಗಳ ಕಡೆಗೆ ಕ್ಯಾಮೆರಾ ತಿರುಗುವುದಿಲ್ಲ. ತಮ್ಮ, ತಂಗಿಯರನ್ನು ಕರೆತರುವವರು, ಸ್ವತಃ ವಿಡಿಯೋದಲ್ಲಿ ಬರಲು ಇಷ್ಟವಿಲ್ಲದ ಹಿರಿಯರು ಅಲ್ಲಿ ಕೂರಬಹುದು.

ಉತ್ತರ ಬರೆಯುವ ರೀತಿ

ಮಗುವಿನ ಶಾಲಾ ಡೈರಿಯ ಡಿಸೆಂಬರ್ 1ರ ಪುಟದಲ್ಲಿ ಮೂರೂ ಸಂಖ್ಯೆಗಳ ಮುಂದೆ ಸ್ಪಷ್ಟವಾಗಿ ಬರೆಯಿರಿ. ಮಾದರಿ: ‘1 ಒಪ್ಪಿಗೆ, 2 ಒಪ್ಪಿಗೆ, 3 ಬೇಡ.’ ಕೆಳಗೆ ಮಗುವಿನ ಹೆಸರು, ತರಗತಿ, ವಿಭಾಗ, ನಿಮ್ಮ ಸಹಿ, ದಿನಾಂಕ ಇರಲಿ. ಇಬ್ಬರು ಮಕ್ಕಳಿದ್ದರೆ ಇಬ್ಬರ ಡೈರಿಯಲ್ಲೂ ಬರೆಯಬೇಕು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ‘ಓಕೆ’ ಎಂದೋ ಹೆಬ್ಬೆರಳಿನ ಚಿತ್ರವನ್ನೋ ಹಾಕಿದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ಸಂಖ್ಯೆಗೆ ಓಕೆ ಎಂದು ತಿಳಿಯುವುದಿಲ್ಲ, ಮೇಲಾಗಿ ಬೇಡವೆನ್ನಬೇಕಾದವರು ಎಲ್ಲರ ಎದುರು ಹೇಳಬೇಕಾಗುತ್ತದೆ.

ಬರೆಯುವ ಮೊದಲು ಮಗುವನ್ನೂ ಕೇಳಿ. ನೀವು ಒಪ್ಪಿದರೂ ಮಗು ತನಗೆ ಬೇಡವೆಂದು ಶಿಕ್ಷಕರಿಗೆ ಹೇಳಿದರೆ, ಬೇಡ ಎಂಬುದೇ ನಡೆಯುತ್ತದೆ. ತಂದೆ ತಾಯಿಯರಲ್ಲಿ ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೂ ಹಾಗೆಯೇ. ಮಗು ಎಲ್ಲಿ ಓದುತ್ತಿದೆ ಎಂಬುದು ಕೆಲವರಿಗೆ ತಿಳಿಯಬಾರದು ಎಂಬಂಥ ಪರಿಸ್ಥಿತಿ ಇದ್ದರೆ ಡೈರಿಯಲ್ಲಿ ಬರೆಯುವ ಬದಲು ನನ್ನನ್ನು ನೇರವಾಗಿ ಕಾಣಿ. ಬೆಳಿಗ್ಗೆ 9ರಿಂದ 10ರವರೆಗೆ ಕಚೇರಿಯಲ್ಲಿ ಇರುತ್ತೇನೆ. ಅಂಥ ಮಗುವಿನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುವುದನ್ನೂ ಮುದ್ರಿತ ಕಾರ್ಯಕ್ರಮ ಪಟ್ಟಿಯಲ್ಲಿ ಹಾಕುವುದನ್ನೂ ತಪ್ಪಿಸಬೇಕಾಗುತ್ತದೆ.

ಮನಸ್ಸು ಬದಲಾದರೆ

ಜನವರಿ 6, 2027ರ ಬುಧವಾರದವರೆಗೆ ತಿಳಿಸಿದರೆ ಮೂರೂ ಪ್ರತಿಗಳಿಂದ ನಿಮ್ಮ ಮಗುವಿನ ದೃಶ್ಯಗಳನ್ನು ತೆಗೆಯುತ್ತೇವೆ. ಅಷ್ಟರಲ್ಲಿ ಸಂಕಲನ ಮುಗಿದಿರುವುದಿಲ್ಲ. ಆನಂತರ ತಿಳಿಸಿದರೆ ಯೂಟ್ಯೂಬ್ ಮತ್ತು ಜಾಲತಾಣದ ವಿಡಿಯೋವನ್ನು ಎರಡು ಕೆಲಸದ ದಿನಗಳೊಳಗೆ ಕೆಳಗಿಳಿಸಿ, ತಿದ್ದಿ ಮತ್ತೆ ಹಾಕುತ್ತೇವೆ. ಮನೆಗಳಿಗೆ ಹೋದ ಪೆನ್ ಡ್ರೈವ್ ಪ್ರತಿಗಳನ್ನು ವಾಪಸ್ ತರಿಸಿಕೊಳ್ಳಲು ಮಾತ್ರ ನಮ್ಮಿಂದ ಆಗದು.

ವಿಡಿಯೋ ಜನವರಿ 16ರ ಶನಿವಾರದಿಂದ ಕಚೇರಿಯಲ್ಲಿ ಸಿಗುತ್ತದೆ. 32 ಜಿಬಿಯ ಖಾಲಿ ಪೆನ್ ಡ್ರೈವ್ ತನ್ನಿ. ಪೂರ್ತಿ ವಿಡಿಯೋ ಸುಮಾರು 13.5 ಜಿಬಿ ಇರುವುದರಿಂದ, ಬೇರೆ ಫೈಲುಗಳಿರುವ 16 ಜಿಬಿಯಲ್ಲಿ ಹಿಡಿಯದು. ಹಳೆಯ ಟಿವಿಗಳು ಹೆಚ್ಚಾಗಿ ಓದುವ FAT32 ಮಾದರಿಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಹಾಗಾಗಿ ಪ್ರತಿ ಕಾರ್ಯಕ್ರಮವೂ ಬೇರೆ ಫೈಲ್ ಆಗಿರುತ್ತದೆ. ಸಂಕಲನವಾಗದ ಮೂಲ ದೃಶ್ಯಗಳನ್ನು ಮಾರ್ಚ್ 31ರಂದು ಅಳಿಸುತ್ತೇವೆ. ಯೂಟ್ಯೂಬ್ ವಿಡಿಯೋವನ್ನೂ ಅದೇ ದಿನ ತೆಗೆಯುತ್ತೇವೆ. ಕಿರುವಿಡಿಯೋ ಒಂದು ವರ್ಷ ಇರುತ್ತದೆ.

ನಿಮ್ಮ ಫೋನಿನ ಬಗ್ಗೆ

ನಿಮ್ಮ ಮಗುವನ್ನು ನಿಮ್ಮ ಆಸನದಲ್ಲಿ ಕುಳಿತೇ ಚಿತ್ರೀಕರಿಸಬಹುದು. ಎದ್ದು ನಡುದಾರಿಗೆ ಬಂದರೆ ಹಿಂದಿನವರಿಗೂ ಕ್ಯಾಮೆರಾಕ್ಕೂ ಅಡ್ಡ. ಫ್ಲ್ಯಾಶ್ ಆರಿಸಿಡಿ, ಕತ್ತಲಲ್ಲಿ ಅದು ಹತ್ತನೇ ಸಾಲಿನಿಂದ ವೇದಿಕೆಯನ್ನು ಬೆಳಗಿಸುವುದಿಲ್ಲ, ಮುಂದಿನವರ ತಲೆಗಳನ್ನಷ್ಟೇ ಬೆಳಗಿಸುತ್ತದೆ. ತೆಗೆದ ವಿಡಿಯೋದಲ್ಲಿ ಬೇರೆಯವರ ಮಕ್ಕಳಿದ್ದರೆ ಸ್ಟೇಟಸ್‌ಗೆ ಹಾಕಬೇಡಿ, ಗುಂಪುಗಳಿಗೆ ಕಳುಹಿಸಬೇಡಿ. ಬಲಭಾಗ ಬಿಟ್ಟು ನಾವು ತೆಗೆದ ನೃತ್ಯವೇ ನಿಮ್ಮ ಫೋನಿನಿಂದ ಪೂರ್ತಿಯಾಗಿ ಹೊರಗೆ ಹೋದರೆ, ಎರಡು ವಾರದ ನಮ್ಮ ತಯಾರಿ ನೀರಿನಲ್ಲಿ ಹೋಮ ಮಾಡಿದಂತೆ.

ಪತ್ರದ ವಿಷಯದಲ್ಲಿ ಅನುಮಾನಗಳಿದ್ದರೆ ನವೆಂಬರ್ 28ರ ಶನಿವಾರ ಬೆಳಿಗ್ಗೆ 11 ಗಂಟೆಗೆ ಗ್ರಂಥಾಲಯದಲ್ಲಿ ಕೇಳಬಹುದು. ನೃತ್ಯ ಮತ್ತು ನಾಟಕ ಕಲಿಸುವ ಶಿಕ್ಷಕರೂ ಇರುತ್ತಾರೆ.

ಇಂತಿ ವಿಶ್ವಾಸದಿಂದ,

ಪ್ರಾಂಶುಪಾಲರು