ಕಲ್ಯಾಣಿಗೆ ಕಾಂಕ್ರೀಟ್ ಸುರಿಯಬೇಡಿ

ಮಾನ್ಯ ಸಂಪಾದಕರಿಗೆ,
ನಮಸ್ಕಾರ.

ನಮ್ಮ ಪಟ್ಟಣದ ಕೋಟೆ ಬೀದಿಯ ತುದಿಯಲ್ಲಿರುವ ಹಳೆಯ ಕಲ್ಯಾಣಿಯ ಪಡುವಣ ಮೆಟ್ಟಿಲುಗಳು ಹೋದ ಮಳೆಗಾಲದಲ್ಲಿ ಕುಸಿದು ನೀರಿಗೆ ಬಿದ್ದವು. ಅವುಗಳ ಮೇಲಿದ್ದ ನಾಲ್ಕು ಕಂಬದ ಮಂಟಪ ಈಗ ಒಂದು ಕಡೆಗೆ ವಾಲಿದೆ. ಮಕ್ಕಳು ಇಳಿಯದಂತೆ ಪಟ್ಟಣ ಪಂಚಾಯಿತಿಯವರು ತಂತಿಬೇಲಿ ಹಾಕಿಸಿದ್ದಾರೆ, ಅದು ಸರಿಯೇ. ಆದರೆ ಮಂಟಪವನ್ನು ಕೆಡವಿ, ಒಳಗೋಡೆಗೆಲ್ಲ ಕಾಂಕ್ರೀಟ್ ಹಾಕಿ, ಸುತ್ತ ಟೈಲ್ಸ್ ಹಾಸುವ ಪ್ರಸ್ತಾವ ತಯಾರಾಗಿದೆಯೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಕುಸಿತಕ್ಕಿಂತ ಈ ದುರಸ್ತಿಯೇ ನನಗೆ ಹೆಚ್ಚು ಭಯ ಹುಟ್ಟಿಸಿದೆ.

ಕಲ್ಯಾಣಿ ಕುಸಿದದ್ದು ಮುಪ್ಪಿನಿಂದಲ್ಲ. ಮೇಲಿನ ರಸ್ತೆಯ ಚರಂಡಿ ಒಡೆದು ಎಷ್ಟೋ ಕಾಲವಾಗಿದೆ. ಆ ನೀರೆಲ್ಲ ಗೋಡೆಯ ಹಿಂದಿನ ಮಣ್ಣಿಗೆ ಇಳಿಯುತ್ತದೆ, ನೆನೆದು ಭಾರವಾದ ಮಣ್ಣು ಕಲ್ಲುಗಳನ್ನು ಒಳಕ್ಕೆ ನೂಕುತ್ತದೆ. ಜೊತೆಗೆ ಸಂದಿಗಳಲ್ಲಿ ಅರಳಿ ಗಿಡ ಬೇರು ಬಿಟ್ಟಿದೆ. ಆಗೊಮ್ಮೆ ಈಗೊಮ್ಮೆ ಯಾರೋ ಬಂದು ಮೇಲಿನ ಕೊಂಬೆ ಕಡಿದು ಹೋಗುತ್ತಾರೆ. ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಇನ್ನಷ್ಟು ದಪ್ಪವಾಗಿ ಕಲ್ಲನ್ನು ಸೀಳುತ್ತದೆ.

ಈ ಮೆಟ್ಟಿಲುಗಳನ್ನು ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ್ದಾರೆ. ಹಿಂದಿನ ನೀರು ಆ ಸಂದಿಗಳಿಂದಲೇ ಜಿನುಗಿ ಹೊರಬರಬೇಕು. ಬುಗ್ಗೆಯ ನೀರು ಒಳಬರುವ ದಾರಿಯೂ ಅದೇ. ಅಲ್ಲಿ ಕಾಂಕ್ರೀಟ್ ಮೆತ್ತಿದರೆ ಒಂದೆರಡು ವರ್ಷ ಗಟ್ಟಿಯಾಗಿ ಕಾಣಬಹುದು. ಆದರೆ ಹಿಂದಿನ ಒತ್ತಡ ಹೋಗಲು ದಾರಿಯಿರುವುದಿಲ್ಲ. ಆಮೇಲೆ ಬಿದ್ದರೆ ನಾಲ್ಕು ಮೆಟ್ಟಿಲಲ್ಲ, ಇಡೀ ಗೋಡೆಯೇ ಬೀಳುತ್ತದೆ. ಮಂಟಪದ ಮೇಲಿನ ಇಟ್ಟಿಗೆಯ ಶಿಖರಕ್ಕೂ ಸಿಮೆಂಟ್ ಸಲ್ಲದು. ಹಳೆಯ ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ತೇವದೊಂದಿಗೆ ಬಂದ ಉಪ್ಪು ಒಳಗೆ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಪುಡಿ ಮಾಡುತ್ತದೆ. ಸುಣ್ಣಕ್ಕೆ ಮರಳು, ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಗಾರೆ ಅರೆಯುವುದನ್ನು ಬಲ್ಲ ಕೆಲಸಗಾರರು ಇನ್ನೂ ಇದ್ದಾರೆ. ಟೆಂಡರ್ ಕರೆಯುವಾಗ ಅಂಥವರೇ ಬೇಕೆಂಬ ಷರತ್ತು ಹಾಕಬೇಕು.

ಹಂಪಿಯ ರಾಜಾವರಣದ ಮೆಟ್ಟಿಲು ಪುಷ್ಕರಣಿಯನ್ನು ನೋಡಿದವರಿಗೆ ಅಲ್ಲಿನ ಕಲ್ಲುಗಳ ಮೇಲಿನ ಗುರುತುಗಳು ನೆನಪಿರಬಹುದು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಶಿಲ್ಪಿಗಳು ಕೆತ್ತಿಟ್ಟಿದ್ದರು. ನಮ್ಮ ಕಲ್ಯಾಣಿಯಲ್ಲಿ ಬಿದ್ದ ಕಲ್ಲುಗಳಿಗೂ ಇಂದು ಅದೇ ಆಗಬೇಕು. ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಫೋಟೊ ತೆಗೆದು, ಅಳತೆಯ ನಕ್ಷೆ ಬರೆದಿಟ್ಟರೆ ಮತ್ತೆ ಅವುಗಳ ಜಾಗದಲ್ಲೇ ಕೂರಿಸಬಹುದು. ಜೆಸಿಬಿ ತಂದು ಒಂದೇ ಕಡೆ ರಾಶಿ ಹಾಕಿದರೆ ಅವು ಬರಿಯ ಚಪ್ಪಡಿಗಳು.

ಇದೆಲ್ಲಕ್ಕೂ ಮೊದಲು, ಈ ಮಳೆಗಾಲ ಹಿಡಿಯುವ ಮುನ್ನ ಆಗಬೇಕಾದದ್ದು ಎರಡೇ ಕೆಲಸ: ಚರಂಡಿಯನ್ನು ಬೇರೆಡೆಗೆ ತಿರುಗಿಸುವುದು, ಮಂಟಪಕ್ಕೆ ಮರದ ಆಸರೆ ಕೊಡುವುದು. ಇವಕ್ಕೆ ದೊಡ್ಡ ಯೋಜನೆಗಾಗಿ ಕಾಯಬೇಕಿಲ್ಲ.

ಇನ್ನು ಕಾನೂನಿನ ಮಾತು. ಈ ಕಲ್ಯಾಣಿ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ, ಆದ್ದರಿಂದಲೇ ಯಾರು ಏನು ಮಾಡಿದರೂ ನಡೆಯುತ್ತದೆ ಎನ್ನುವಂತಾಗಿದೆ. ರಾಜ್ಯದಲ್ಲಿ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮವಿದೆ. ಅದರಡಿ ಅಧಿಸೂಚನೆ ಹೊರಡಿಸಿ ಇದನ್ನು ಸಂರಕ್ಷಿತವೆಂದು ಘೋಷಿಸಲು ಸರ್ಕಾರಕ್ಕೆ ಅಧಿಕಾರವಿದೆ. ಪಂಚಾಯಿತಿಯು ತನ್ನ ಪ್ರಸ್ತಾವವನ್ನು ತಡೆಹಿಡಿದು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ತಜ್ಞರನ್ನು ಸ್ಥಳಕ್ಕೆ ಕರೆಸಲಿ. ಜಿಲ್ಲಾಧಿಕಾರಿಗಳು ಈ ವಿಷಯವನ್ನು ಸ್ವತಃ ಕೈಗೆತ್ತಿಕೊಳ್ಳಲಿ. ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕರ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯೇ ಹೇಳುವಾಗ, ಊರಿನ ಆಡಳಿತ ಅದರಿಂದ ಹೊರತಾಗಲು ಹೇಗೆ ಸಾಧ್ಯ?

ಮಂಟಪದ ಅಧಿಷ್ಠಾನದಲ್ಲಿ, ಎಂದರೆ ತಳದ ಕಟ್ಟೆಯಲ್ಲಿ, ಅರ್ಧ ಮಣ್ಣಲ್ಲಿ ಹೂತ ಶಾಸನವೊಂದಿದೆ. ಶಾಸನತಜ್ಞ ಬಿ.ಎಲ್. ರೈಸ್ ಅವರ ಕಾಲದಲ್ಲಿ, 1886ರಿಂದ ಮೊದಲ್ಗೊಂಡು ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗಾಗಿ ಹಳ್ಳಿಹಳ್ಳಿ ತಿರುಗಿ ಶಾಸನಗಳನ್ನು ಓದಿಸಿದ ನಾಡು ನಮ್ಮದು. ಇಷ್ಟು ಕಣ್ಣೆದುರಿಗಿರುವ ಕಲ್ಲಿನ ಪಡಿಯಚ್ಚನ್ನಾದರೂ ತೆಗೆಸದೆ ಮಂಟಪಕ್ಕೆ ಕೈ ಹಾಕುವುದು ಅನ್ಯಾಯ. ಕಲ್ಯಾಣಿಯನ್ನು ಕಟ್ಟಿಸಿದವರು ಯಾರೆಂಬುದು ಅದರಲ್ಲೇ ಇರಬಹುದು.

ತಾವು ವರದಿಗಾರರನ್ನೂ ಛಾಯಾಗ್ರಾಹಕರನ್ನೂ ಒಮ್ಮೆ ಇಲ್ಲಿಗೆ ಕಳಿಸಿಕೊಡಬೇಕೆಂದು ಕೋರುತ್ತೇನೆ. ಓದುಗರಲ್ಲೂ ಒಂದು ಬೇಡಿಕೆ: ಮದುವೆ, ಶಾಲಾ ಪ್ರವಾಸ, ಯಾವುದೇ ಸಂದರ್ಭದಲ್ಲಿ ಈ ಕಲ್ಯಾಣಿಯ ಬಳಿ ತೆಗೆಸಿಕೊಂಡ ಹಳೆಯ ಫೋಟೊಗಳಿದ್ದರೆ ಪಟ್ಟಣದ ಗ್ರಂಥಾಲಯಕ್ಕೆ ಪ್ರತಿ ಕೊಡಿ. ಪಡುವಣ ಮೆಟ್ಟಿಲುಗಳು ಮೊದಲು ಹೇಗಿದ್ದವೆಂದು ಕಟ್ಟುವವರಿಗೆ ತೋರಿಸಲು ಅವು ಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕಿ,
ಕೋಟೆ ಬೀದಿ