ಅಗ್ರಿಮೆಂಟ್ ಡ್ರಾಫ್ಟ್, ಕ್ಲಾಸ್ 9 ಬಗ್ಗೆ

ಮೇಡಂ ನಮಸ್ಕಾರ,

ಡ್ರಾಫ್ಟ್ ಪೂರ್ತಿ ಓದ್ದೆ. ರೇಟು, ಡೆಡ್‌ಲೈನು, ಪೇಮೆಂಟ್ ಎಲ್ಲ ಓಕೆ, ಆದ್ರೆ ಕ್ಲಾಸ್ 9 ಇದ್ರೆ ಸೈನ್ ಹಾಕಕ್ಕಾಗಲ್ಲ, ನೇರವಾಗೇ ಹೇಳ್ಬಿಡ್ತೀನಿ.

ಕೆಲಸ ನಡೀತಿರೋವಾಗ್ಲೂ, ಮುಗಿದ್ಮೇಲೆ 12 ತಿಂಗಳೂ ಬೇರೆ ಯಾವ ಸ್ಕಿನ್‌ಕೇರ್ ಕಂಪನಿಗೂ ಪ್ಯಾಕೇಜಿಂಗ್ ಡಿಸೈನ್ ಮಾಡ್ಬಾರ್ದು ಅಂತಿದೆ ಅದ್ರಲ್ಲಿ. ನನ್ನ ಹೊಟ್ಟೆಪಾಡೇ ಅದು ಮೇಡಂ, ಕ್ಲೈಂಟ್ಸ್‌ನಲ್ಲಿ ಮುಕ್ಕಾಲು ಪಾಲು ಇದೇ ಫೀಲ್ಡ್‌ನವ್ರು, 4 ಲೇಬಲ್ ಕೆಲಸಕ್ಕೋಸ್ಕರ ಅವ್ರನ್ನೆಲ್ಲ ಬಿಟ್ಟು ಒಂದು ವರ್ಷ ಕೈಕಟ್ಟಿ ಕೂರಕ್ಕಾಗಲ್ಲ. ನೀವು ನನ್ನ ಹುಡುಕ್ಕೊಂಡು ಬಂದಿದ್ದೂ ಇನ್ನೊಬ್ರ ಫೇಸ್‌ವಾಶ್ ಬಾಟಲ್ ನೋಡೇ ಅಲ್ವಾ :)

ನಿಮ್ಮ ಆತಂಕ ಏನು ಅಂತ ಅರ್ಥ ಆಗತ್ತೆ. ಲಾಂಚ್ ಡೇಟು, ಫಾರ್ಮುಲಾ, ನೀವು ಬೇಡ ಅಂದ ಸ್ಕೆಚ್‌ಗಳು, ಇವು ಯಾವ್ದೂ ಹೊರಗೆ ಹೋಗ್ಬಾರ್ದು, ನಿಮ್ಮ ಲುಕ್ ಬೇರೆಯವ್ರ ಡಬ್ಬಿ ಮೇಲೆ ಕಾಣ್ಬಾರ್ದು, ಅಷ್ಟೇ ತಾನೆ? ಅದಕ್ಕೆ ಗೌಪ್ಯತೆ ಕ್ಲಾಸ್ 7 ಆಗ್ಲೇ ಇದೆ, ಬೇಕಿದ್ರೆ ಅದನ್ನ ಇನ್ನೂ ಬಿಗಿ ಮಾಡಿ, 2 ವರ್ಷ ಇರೋದನ್ನ 3 ಮಾಡಿದ್ರೂ ನಂಗೆ ತಕರಾರಿಲ್ಲ. ಫೈನಲ್ ಆದ ಡಿಸೈನ್ ಪೂರ್ತಿ ನಿಮ್ದೇ, ಅದನ್ನ ಮರುಬಳಕೆ ಮಾಡಲ್ಲ ಅಂತ ಬರ್ಕೊಡ್ತೀನಿ.

ಇನ್ನೂ ಸಮಾಧಾನ ಇಲ್ಲ ಅಂದ್ರೆ ನಿಮಗೆ ನೇರ ಪೈಪೋಟಿ ಕೊಡೋ ಇಬ್ಬರ ಹೆಸರು ಹೇಳಿ, ಈ ಪ್ರಾಜೆಕ್ಟ್ ಮುಗಿಯೋವರ್ಗೂ ಅವ್ರ ಹೊಸ ಕೆಲಸ ತಗೊಳಲ್ಲ. ಅದಕ್ಕಿಂತ ಜಾಸ್ತಿ ಬೇಕಂದ್ರೆ ತಿಂಗಳಿಗಿಷ್ಟು ಅಂತ ಬೇರೆ ಫೀಸ್ ಮಾತಾಡ್ಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡಿ.

ಕ್ಲಾಸ್ 9 ತೆಗ್ದು ಕಳ್ಸಿದ್ರೆ ಅವತ್ತೇ ಸೈನ್ ಮಾಡಿ ವಾಪಸ್ ಕಳಿಸ್ತೀನಿ. ಗುರುವಾರದೊಳಗೆ ಒಂದು ಮಾತು ತಿಳ್ಸಿ, ಪ್ರಿಂಟರ್ ಹತ್ರ ಸ್ಲಾಟ್ ಹಿಡಿಬೇಕು.