ತಾತನ ಔಷಧಿಯ ವೇಳೆ – ಸೋಮವಾರ ಬೆಳಿಗ್ಗೆಯಿಂದ ಬುಧವಾರ ರಾತ್ರಿಯವರೆಗೆ

ಅಕ್ಕ, ನಿನ್ನೆ ಎಲ್ಲವನ್ನೂ ಬಾಯಲ್ಲಿ ಹೇಳಿದ್ದೇನೆ. ಆದರೂ ಬರೆದಿಟ್ಟರೆ ನಿಮಗೂ ಧೈರ್ಯ, ನನಗೂ ನಿಶ್ಚಿಂತೆ. ಇದನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ಅಲ್ಲಿಂದ ತೆಗೆಯಬೇಡಿ. ನಾನು ಗುರುವಾರ ಬೆಳಿಗ್ಗೆ ಬರುತ್ತೇನೆ. ರಾತ್ರಿ ಹೊತ್ತು ನನ್ನ ತಮ್ಮ ಪಕ್ಕದ ಕೋಣೆಯಲ್ಲೇ ಮಲಗಿರುತ್ತಾನೆ, ಎಷ್ಟು ಹೊತ್ತಿನಲ್ಲಾದರೂ ಎಬ್ಬಿಸಿ.

ಮೊದಲು ಒಂದು ಮಾತು. ಔಷಧಿ ಕೊಟ್ಟ ಕೂಡಲೇ ನೀಲಿ ಪುಸ್ತಕದಲ್ಲಿ ಗಂಟೆ ಬರೆಯಿರಿ. ಕೊಡುವ ಮೊದಲೂ ಅಲ್ಲ, ಸಂಜೆ ನೆನಪಿಸಿಕೊಂಡೂ ಅಲ್ಲ, ಕೊಟ್ಟ ಕೂಡಲೇ. ಆಸ್ಪತ್ರೆಯಿಂದ ಬಂದ ಮರುದಿನ ನಾನು ಬಿ.ಪಿ. ಮಾತ್ರೆ ಕೊಟ್ಟು ಹೋಗಿದ್ದೆ. ಅದು ತಿಳಿಯದೆ ಅಮ್ಮ ಇನ್ನೊಂದು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಬಿ.ಪಿ. 90ಕ್ಕೆ ಇಳಿದು ತಾತ ಬೆವರಿ ಕಣ್ಣು ಮುಚ್ಚಿಬಿಟ್ಟರು. ಆ ದಿನದಿಂದ ಈ ಪುಸ್ತಕ ಇಟ್ಟಿದ್ದೇವೆ. "ಆಗಲೇ ನುಂಗಿದೆ" ಎಂದೋ "ಇನ್ನೂ ಕೊಟ್ಟಿಲ್ಲ" ಎಂದೋ ತಾತ ಹೇಳಬಹುದು. ಈಗ ಅವರಿಗೆ ಹೊತ್ತು ಸರಿಯಾಗಿ ನೆನಪಿರುವುದಿಲ್ಲ. ಪುಸ್ತಕದಲ್ಲಿ ಇರುವುದನ್ನೇ ನಂಬಿ.

ಬೆಳಿಗ್ಗೆ 6:00

ಏನನ್ನೂ ಕೊಡುವ ಮೊದಲು ಬೆರಳಿಗೆ ಆಕ್ಸಿಮೀಟರ್ ಹಾಕಿ, ಜ್ವರ ನೋಡಿ, ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎಣಿಸುತ್ತಿರುವುದು ಅವರಿಗೆ ಗೊತ್ತಾಗಬಾರದು, ಗೊತ್ತಾದರೆ ಉಸಿರಾಟ ಬದಲಾಗುತ್ತದೆ. ಕೈ ಹಿಡಿದು ನಾಡಿ ನೋಡುವವರಂತೆ ಕುಳಿತು ಎದೆ ಏರುವುದನ್ನು ಎಣಿಸಿ. ಕೈ ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಬೆರಳನ್ನು ನಿಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ನಂತರ ನೆಬುಲೈಸರ್. ಮಂಚದ ತಲೆಭಾಗ ಎತ್ತಿ, ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದ ಮೇಲೆಯೇ ಹಾಕಿ, ಮಲಗಿಸಿ ಬೇಡ. ಮೊದಲು ಲೆವೊಸಾಲ್ಬುಟಮಾಲ್ ಮತ್ತು ಇಪ್ರಾಟ್ರೋಪಿಯಮ್ ಸೇರಿರುವ 2.5 ಎಂ.ಎಲ್. ರೆಸ್ಪ್ಯೂಲ್ (ಹಸಿರು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು). ಇದು ಉಸಿರಿನ ದಾರಿಯನ್ನು ಅಗಲ ಮಾಡುತ್ತದೆ. ಹೊಗೆ ನಿಲ್ಲುವವರೆಗೆ, ಸುಮಾರು ಹತ್ತು ನಿಮಿಷ ಆಗುತ್ತದೆ. ಮಾಸ್ಕ್ ಮೂಗಿನ ಮೇಲ್ಭಾಗದಲ್ಲಿ ಸಡಿಲವಾಗಿರಬಾರದು. ಔಷಧಿ ಕಣ್ಣಿಗೆ ಹೋದರೆ ಮಂಜು ಮಂಜಾಗಿ ಕಾಣುತ್ತದೆ, ಉರಿಯುತ್ತದೆ. ಮುಗಿದ ಮೇಲೆ ಕೈ ಸ್ವಲ್ಪ ನಡುಗಬಹುದು, ಎದೆ ಬೇಗ ಬಡಿಯಬಹುದು. ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ, ಗಾಬರಿ ಬೇಡ. ಎದೆ ನೋವು ಎಂದರೆ ಮಾತ್ರ ಕರೆ ಮಾಡಿ.

ಇದಾದ ಮೇಲೆ ತಾತ ಕೆಮ್ಮಲಿ, ಕಫ ಉಗುಳಲಿ. ಈ ಹೊತ್ತಿನ ಕೆಮ್ಮು ಒಳ್ಳೆಯದು, ತಡೆಯಬೇಡಿ. ಆಮೇಲೆ ಬುಡೆಸೊನೈಡ್, 0.5 ಮಿ.ಗ್ರಾಂ (ಕೆಂಪು ರಬ್ಬರ್ ಬ್ಯಾಂಡ್). ಮೊದಲಿನದು ದಾರಿ ತೆರೆದ ಮೇಲೆ ಇದು ಒಳಗೆ ಇಳಿಯುತ್ತದೆ, ಅದಕ್ಕೇ ಈ ಕ್ರಮ. ಇದು ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಲೇಬೇಕು. ಅವರಿಗೆ ಆಗದಿದ್ದರೆ ಒದ್ದೆ ಗಾಜ್ ಬಟ್ಟೆಯಿಂದ ನಾಲಿಗೆ, ಕೆನ್ನೆಯ ಒಳಭಾಗ ಒರೆಸಿ. ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣು ಏಳುತ್ತದೆ. ಮುಖವನ್ನೂ ಒರೆಸಿ. ನೆಬುಲೈಸರ್ ಬಟ್ಟಲು ಮತ್ತು ಮಾಸ್ಕ್ ತೊಳೆದು, ಬೋರಲು ಹಾಕಿ ಗಾಳಿಗೆ ಒಣಗಲು ಬಿಡಿ. ತೇವ ಉಳಿದರೆ ಅಲ್ಲೇ ಸೋಂಕು ಬೆಳೆಯುತ್ತದೆ.

ಬೆಳಿಗ್ಗೆ 6:30

ಪ್ಯಾಂಟೊಪ್ರಝೋಲ್ 40, ಒಂದು ಮಾತ್ರೆ, ಬರೀ ಹೊಟ್ಟೆಯಲ್ಲಿ. ಇದನ್ನು ಮುರಿಯಬಾರದು, ಅರೆಯಬಾರದು. ಹೊರಗಿನ ಪದರ ಹೊಟ್ಟೆಯ ಆಮ್ಲವನ್ನು ದಾಟಲೆಂದು ಇದೆ, ಪುಡಿ ಮಾಡಿದರೆ ಕೊಟ್ಟೂ ಪ್ರಯೋಜನವಿಲ್ಲ.

ಬೆಳಿಗ್ಗೆ 7:00

ತಿಂಡಿ. ನಾಲ್ಕೈದು ತುತ್ತು ಒಳಗೆ ಹೋದ ಮೇಲೆ ಅಮಾಕ್ಸಿಸಿಲಿನ್–ಕ್ಲಾವುಲನೇಟ್ 625. ಇದೇ ಶ್ವಾಸಕೋಶದ ಸೋಂಕಿನ ಮುಖ್ಯ ಔಷಧಿ. ಬರೀ ಹೊಟ್ಟೆಗೆ ಕೊಟ್ಟರೆ ವಾಕರಿಕೆ ಬರುತ್ತದೆ. ಮಾತ್ರೆ ದೊಡ್ಡದು, ಎರಡು ಹೋಳು ಮಾಡಿ ಕೊಡಲು ವೈದ್ಯರು ಒಪ್ಪಿದ್ದಾರೆ. ಒಂದು ಹೋಳು ನುಂಗಿ ಬಾಯಿ ಖಾಲಿಯಾಗಿದೆಯೇ ಎಂದು ನೋಡಿಕೊಂಡು ಇನ್ನೊಂದನ್ನು ಕೊಡಿ.

ಬೆಳಿಗ್ಗೆ 8:00

ಬಿ.ಪಿ. ನೋಡಿ. ಮೇಲಿನ ಅಂಕಿ 110 ಅಥವಾ ಹೆಚ್ಚಿದ್ದರೆ ಅಮ್ಲೊಡಿಪಿನ್ 5, ಒಂದು ಮಾತ್ರೆ. 110ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ನನಗೆ ಕರೆ ಮಾಡಿ. ಇದು ನಮ್ಮ ವೈದ್ಯರು ತಾತನಿಗೆಂದೇ ಹೇಳಿದ ಲೆಕ್ಕ.

ಮಧ್ಯಾಹ್ನ 1:00ರ ಊಟಕ್ಕೆ ಯಾವ ಔಷಧಿಯೂ ಇಲ್ಲ. ಡಬ್ಬಿಯಲ್ಲಿ ಮಧ್ಯಾಹ್ನದ ಮನೆಯನ್ನು ಖಾಲಿ ಬಿಟ್ಟಿರುವುದು ಬೇಕೆಂದೇ.

ಮಧ್ಯಾಹ್ನ 2:30

ಆಕ್ಸಿಮೀಟರ್, ಜ್ವರ, ಉಸಿರು. ನಂತರ ಹಸಿರು ಬ್ಯಾಂಡಿನ ನೆಬುಲೈಸೇಶನ್ ಮಾತ್ರ. ಕೆಂಪಿನದು ಈಗ ಇಲ್ಲ.

ಮಧ್ಯಾಹ್ನ 3:00

ಏನಾದರೂ ಮೆತ್ತಗಿನದನ್ನು ಸ್ವಲ್ಪ ತಿನ್ನಿಸಿ, ಜೊತೆಗೆ 625ರ ಎರಡನೆಯ ಮಾತ್ರೆ.

ಸಂಜೆ 7:00

ನೆಬುಲೈಸೇಶನ್, ಹಸಿರು ಮೊದಲು, ಕೆಂಪು ಆಮೇಲೆ, ಬಾಯಿ ಸ್ವಚ್ಛ. ಬೆಳಗಿನಂತೆಯೇ. ಊಟ 8ಕ್ಕೆ. ಊಟದ ನಂತರ ನೆಬುಲೈಸೇಶನ್ ಇಟ್ಟುಕೊಂಡರೆ ಕೆಮ್ಮಿ ವಾಂತಿಯಾಗುತ್ತದೆ, ಅದಕ್ಕೇ ಮೊದಲೇ ಮುಗಿಸುವುದು.

ರಾತ್ರಿ 9:00

ಲ್ಯಾಕ್ಟುಲೋಸ್ ಸಿರಪ್ 15 ಎಂ.ಎಲ್., ಬಾಟಲಿಯ ಮುಚ್ಚಳದಲ್ಲಿ ಗೆರೆ ನೋಡಿ ಅಳೆಯಿರಿ. ಅಡುಗೆಮನೆಯ ಚಮಚ ಬೇಡ. ಅಂದು ಒಮ್ಮೆಯಾದರೂ ತೆಳ್ಳಗೆ ಭೇದಿಯಾಗಿದ್ದರೆ ಇದನ್ನು ಬಿಟ್ಟುಬಿಡಿ. 625ರ ಮಾತ್ರೆಯೇ ಹೊಟ್ಟೆಯನ್ನು ಸಡಿಲ ಮಾಡಬಹುದು, ಅದರ ಮೇಲೆ ಸಿರಪ್ ಸೇರಿದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತದೆ. ನೀರಿನಂತೆ ಮೂರು ಸಲಕ್ಕಿಂತ ಹೆಚ್ಚಾದರೆ ಅಥವಾ ರಕ್ತ ಕಂಡರೆ ರಾತ್ರಿಯೇ ಆಗಲಿ, ಕರೆ ಮಾಡಿ. ನಿಲ್ಲಿಸುವ ಮಾತ್ರೆ ನೀವಾಗಿ ಕೊಡಬೇಡಿ.

ರಾತ್ರಿ 11:00

625ರ ಮೂರನೆಯ ಮಾತ್ರೆ. ಅಕ್ಕ, ನಿಮಗೆ ಕಷ್ಟವಾಗುವುದು ಇದೊಂದೇ ಎಂದು ನನಗೆ ಗೊತ್ತು. ಆಗಷ್ಟೇ ಕಣ್ಣಿಗೆ ನಿದ್ದೆ ಹತ್ತಿರುತ್ತದೆ, ಎಬ್ಬಿಸಲು ಮನಸ್ಸು ಬಾರದು. ನನಗೂ ಬರುತ್ತಿರಲಿಲ್ಲ. ಆದರೂ ಎಬ್ಬಿಸಿ. ಎಂಟು ಗಂಟೆಗೊಮ್ಮೆ ಕೊಟ್ಟರೆ ಮಾತ್ರ ರಕ್ತದಲ್ಲಿ ಔಷಧಿಯ ಬಲ ಕುಗ್ಗದೆ ಉಳಿಯುತ್ತದೆ. ಅವರು ಪೂರ್ತಿ ಎಚ್ಚರವಾಗಿ, ಹೆಸರು ಕರೆದರೆ ಸರಿಯಾಗಿ ಉತ್ತರಿಸಿದ ಮೇಲೆಯೇ ಬಾಯಿಗೆ ಹಾಕಿ. ಅರೆನಿದ್ದೆಯಲ್ಲಿ ಕೊಟ್ಟದ್ದು ನೆತ್ತಿಗೆ ಹತ್ತಿ ಶ್ವಾಸಕೋಶಕ್ಕೇ ಹೋದರೆ ನಾವು ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದು ನಿಲ್ಲುತ್ತೇವೆ.

625ರ ಸ್ಟ್ರಿಪ್‌ನಲ್ಲಿ ಸರಿಯಾಗಿ 9 ಮಾತ್ರೆ ಇಟ್ಟಿದ್ದೇನೆ. ದಿನಕ್ಕೆ ಮೂರರಂತೆ ಬುಧವಾರ ರಾತ್ರಿ 11ಕ್ಕೆ ಕೊನೆಯದು. ತಾತ ಚೆನ್ನಾಗಿ ಮಾತಾಡುತ್ತಿದ್ದಾರೆ, ಜ್ವರ ಇಲ್ಲ ಎಂದು ನಡುವೆ ನಿಲ್ಲಿಸಬೇಡಿ. ವೈದ್ಯರು ಹೇಳಿದ ದಿನಗಳು ಬುಧವಾರಕ್ಕೆ ಮುಗಿಯುತ್ತವೆ, ಗುರುವಾರ ನಾನು ಸ್ಟ್ರಿಪ್ ಖಾಲಿ ಇರುವುದನ್ನು ನೋಡಬೇಕು.

ಪ್ಯಾರಸಿಟಮಾಲ್ 500

ಇದಕ್ಕೆ ಗಂಟೆ ಇಲ್ಲ. ಜ್ವರ 100.4 ದಾಟಿದರೆ ಅಥವಾ ಮೈಕೈ ನೋವೆಂದು ಕೇಳಿದರೆ ಮಾತ್ರ ಒಂದು. ಮತ್ತೊಂದಕ್ಕೆ ಕನಿಷ್ಠ 6 ಗಂಟೆ ಅಂತರ, ದಿನಕ್ಕೆ 4ಕ್ಕಿಂತ ಹೆಚ್ಚು ಬೇಡವೇ ಬೇಡ. ಜ್ವರದ ಅಂಕಿ ಬರೆದ ಮೇಲೆ ಮಾತ್ರೆ ಕೊಡಿ. ಮೊದಲೇ ಕೊಟ್ಟರೆ ಜ್ವರ ಎಷ್ಟಿತ್ತೆಂದು ವೈದ್ಯರಿಗೆ ಹೇಳಲು ನಮಗೆ ತಿಳಿಯುವುದಿಲ್ಲ. ಜ್ವರ ಮತ್ತೆ ಬಂದಿದೆ ಎಂದರೆ ಮಾತ್ರೆ ಕೊಟ್ಟು ಸುಮ್ಮನಾಗಬೇಡಿ, ನನಗೂ ತಿಳಿಸಿ.

ನುಂಗಿಸುವ ರೀತಿ

ಯಾವ ಮಾತ್ರೆಯೇ ಆಗಲಿ, ಬೆನ್ನು ನೆಟ್ಟಗೆ, ಗದ್ದ ಎದೆಯ ಕಡೆಗೆ ಸ್ವಲ್ಪ ಬಾಗಿರಲಿ. ತಲೆ ಹಿಂದಕ್ಕೆ ವಾಲಿಸಿ ನೀರು ಸುರಿಯಬೇಡಿ. ಒಂದೊಂದೇ ಮಾತ್ರೆ, ಒಂದೊಂದೇ ಗುಟುಕು. ನುಂಗಿದ ಮೇಲೆ ಕೆಮ್ಮಿದರೆ ಅಥವಾ ಗಂಟಲಲ್ಲಿ ಗೊರಗೊರ ಸದ್ದು ಬಂದರೆ ನಿಲ್ಲಿಸಿ, ಉಸಿರು ಸರಿಹೋಗಲಿ. ಪ್ರತಿ ಬಾರಿಯೂ ಹೀಗೇ ಆಗುತ್ತಿದ್ದರೆ ತಿಳಿಸಿ. ಊಟ, ಔಷಧಿ ಆದ ಮೇಲೆ ಅರ್ಧ ಗಂಟೆ ಕುಳಿತೇ ಇರಲಿ. "ಬೆನ್ನು ನೋಯುತ್ತದೆ, ಮಲಗಿಸು" ಎಂದು ಬೇಡಿಕೊಳ್ಳುತ್ತಾರೆ. ಬೈಯದೆ, ಬೆನ್ನು ನೀವುತ್ತಾ ಮಾತಿಗೆಳೆಯಿರಿ. ತಮ್ಮ ಹಳೆಯ ಕೆಲಸದ ವಿಷಯ ಬಂದರೆ ಅರ್ಧ ಗಂಟೆ ಅವರಿಗೇ ಸಾಲುವುದಿಲ್ಲ.

ಹೊತ್ತು ತಪ್ಪಿದರೆ

ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟು ಮುಂದಿನದನ್ನು ಕೊಡಿ. ಎರಡನ್ನೂ ಸೇರಿಸಿ ಎಂದಿಗೂ ಬೇಡ. ಯಾವುದನ್ನು ಬಿಟ್ಟಿರಿ ಎಂದು ಪುಸ್ತಕದಲ್ಲಿ ಬರೆಯಿರಿ. ಬರೆದದ್ದಕ್ಕೆ ನಾನು ಸಿಟ್ಟು ಮಾಡುವುದಿಲ್ಲ. ವಾಂತಿಯಲ್ಲಿ ಮಾತ್ರೆ ಕಂಡರೆ ಮತ್ತೆ ಕೊಡುವ ಮೊದಲು ಕರೆ ಮಾಡಿ.

ಕೊಡಬಾರದವು

ಸಲ್ಫಾ ಔಷಧಿ ತಾತನಿಗೆ ಅಲರ್ಜಿ. ಯಾವ ವೈದ್ಯರು ನೋಡಿದರೂ ಇದನ್ನು ಮೊದಲು ಹೇಳಿ. ಕೆಮ್ಮಿನ ಸಿರಪ್ ಬೇಡ. ನೋಡಲು ಬಂದವರು ಯಾರಾದರೂ ತಂದುಕೊಟ್ಟರೂ ಬೇಡ. ಕೆಮ್ಮು ನಿಂತರೆ ಕಫ ಒಳಗೇ ಉಳಿಯುತ್ತದೆ. ನಿದ್ದೆ ಮಾತ್ರೆ, ಬೇರೆ ನೋವಿನ ಮಾತ್ರೆ ಬೇಡ. ಕಪಾಟಿನ ಮೇಲಿನ ಹಂತದಲ್ಲಿ ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದ ಅಜಿಥ್ರೋಮೈಸಿನ್ ಎರಡು ಮಾತ್ರೆ ಇವೆ. ಅವನ್ನು ಕೊಡಬೇಕಾದ ದಿನಗಳು ಮುಗಿದಿವೆ ಎಂದು ವೈದ್ಯರು ನಿಲ್ಲಿಸಿದ್ದಾರೆ, ಮುಟ್ಟಬೇಡಿ.

ಯಾವಾಗ ಕರೆ ಮಾಡಬೇಕು

ಆಕ್ಸಿಜನ್ 94 ಅಥವಾ ಹೆಚ್ಚಿದ್ದರೆ ಸರಿ. 92, 93 ಬಂದರೆ ನೆಟ್ಟಗೆ ಕೂರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ನನಗೆ ತಿಳಿಸಿ. 92ಕ್ಕಿಂತ ಕೆಳಗೆ ಇಳಿದರೆ ಮೊದಲು ವೈದ್ಯರಿಗೆ ಕರೆ, ಆಮೇಲೆ ನನಗೆ. 90ಕ್ಕಿಂತ ಕೆಳಗೆ ಇಳಿದರೆ, ನಿಮಿಷಕ್ಕೆ ಉಸಿರು 30 ಮುಟ್ಟಿದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ ಯಾರನ್ನೂ ಕೇಳುತ್ತ ಕೂರಬೇಡಿ, ಆಂಬುಲೆನ್ಸ್ ಕರೆಸಿ. ಮೂರೂ ಸಂಖ್ಯೆಗಳನ್ನು ನಿಮ್ಮ ಮೊಬೈಲಿನಲ್ಲಿ "ತಾತ 1, 2, 3" ಎಂದು ಉಳಿಸಿದ್ದೇನೆ. 1 ಆಂಬುಲೆನ್ಸ್, 2 ವೈದ್ಯರು, 3 ನಾನು.

ಇನ್ನೊಂದನ್ನು ಗಮನವಿಟ್ಟು ನೋಡಿ. ಈ ವಯಸ್ಸಿನಲ್ಲಿ ಸೋಂಕು ಮರಳಿದರೂ ಜ್ವರ ಬರದೇ ಇರಬಹುದು. ಹೋದ ಸಲ ತಾತನಿಗೆ ಜ್ವರ 99 ಕೂಡ ಇರಲಿಲ್ಲ. ಬೆಳಿಗ್ಗೆ ನನ್ನನ್ನು ಅಮ್ಮನ ಹೆಸರಿನಿಂದ ಕರೆದರು, ತಿಂಡಿ ಬೇಡ ಎಂದು ಮಂಕಾಗಿ ಮಲಗಿದರು. ವಯಸ್ಸಾಯಿತಲ್ಲ ಎಂದುಕೊಂಡು ನಾವು ಒಂದು ಇಡೀ ದಿನ ಕಳೆದುಬಿಟ್ಟೆವು. ಅಂಥ ಗೊಂದಲ, ಮಂಕು, ಊಟ ಬೇಡವೆನ್ನುವುದು ಕಂಡರೆ ಅಂಕಿಗಳು ಸರಿಯಿದ್ದರೂ ಕರೆ ಮಾಡಿ.

ನೆಬುಲೈಸರ್ ಕೆಟ್ಟರೆ ತಮ್ಮನ ಕೋಣೆಯಲ್ಲಿ ಇನ್ನೊಂದಿದೆ. ಆಕ್ಸಿಮೀಟರಿನ ಬ್ಯಾಟರಿ ಮೇಜಿನ ಎಡಗಡೆಯ ಡ್ರಾಯರ್‌ನಲ್ಲಿದೆ. ಕನ್ನಡಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಹುಡುಕುತ್ತಾರೆ, ಮೊದಲು ಅಲ್ಲಿ ನೋಡಿ. ರಾತ್ರಿ 11ರ ಮಾತ್ರೆ ಕೊಟ್ಟ ಮೇಲೆ ನನಗೊಂದು ಸಂದೇಶ ಹಾಕಿ, ಅಲ್ಲಿಯವರೆಗೆ ನಾನು ಎಚ್ಚರವಾಗಿರುತ್ತೇನೆ.